ಓದಿನ ಪ್ರತಿಫಲ: ಐವಿ ಉತ್ತರ ಓಎಲ್‌ಎಸ್‌ಗಿಂತ ದೊಡ್ಡದು ಬಂದಿದೆ, ಇದನ್ನು ನಂಬಬಹುದಾ?

ಎಂಎ_ಕೊನೆವರ್ಷ

ಎಲ್ಲರಿಗೂ ನಮಸ್ಕಾರ. ಡೇವಿಡ್ ಕಾರ್ಡ್ ಅವರ 1995ರ ಲೇಖನದ ದತ್ತಾಂಶ ಇಟ್ಟುಕೊಂಡು ಕೆಲಸ ಮಾಡ್ತಾ ಇದ್ದೇನೆ. ಅಮೆರಿಕದಲ್ಲಿ 1966ರಲ್ಲಿ 14ರಿಂದ 24 ವಯಸ್ಸಿನ ಗಂಡಸರು, ಅವರ 1976ರ ಸಂಬಳ, ಒಟ್ಟು 3010 ಜನ. ಇವರು ಬೆಳೆದ ಕಡೆ ನಾಲ್ಕು ವರ್ಷದ ಕಾಲೇಜು ಹತ್ತಿರ ಇತ್ತಾ ಇಲ್ವಾ ಅನ್ನೋದೇ ಇನ್‌ಸ್ಟ್ರುಮೆಂಟ್.

ಮಾಮೂಲಿ ರಿಗ್ರೆಷನ್ ಆದ ಓಎಲ್‌ಎಸ್ ಓಡಿಸಿದರೆ ಓದಿನ ಒಂದು ವರ್ಷಕ್ಕೆ ಲಾಗ್ ಸಂಬಳದಲ್ಲಿ 0.075 ಬರುತ್ತೆ. ಇನ್‌ಸ್ಟ್ರುಮೆಂಟ್ ಬಳಸುವ ಐವಿಯಲ್ಲಿ 0.132. ಇಲ್ಲೇ ನನಗೆ ಗೊಂದಲ. ಜಾಣರು ಜಾಸ್ತಿ ಓದ್ತಾರೆ, ಓದದಿದ್ರೂ ಅವರಿಗೆ ಸಂಬಳ ಜಾಸ್ತಿಯೇ ಸಿಗುತ್ತಿತ್ತು, ಹಾಗಾಗಿ ಓಎಲ್‌ಎಸ್ ಉತ್ತರ ಉಬ್ಬಿರುತ್ತೆ ಅಂತ ತರಗತಿಯಲ್ಲಿ ಹೇಳಿದ್ದರು. ಹಾಗಿದ್ರೆ ಐವಿ ಉತ್ತರ ಅದಕ್ಕಿಂತ ಕೆಳಗೆ ಇರಬೇಕಲ್ವಾ? ಇದು ಹೆಚ್ಚುಕಡಿಮೆ ದುಪ್ಪಟ್ಟು. ಫಸ್ಟ್ ಸ್ಟೇಜ್ ಎಫ್ 13ರ ಆಸುಪಾಸು ಬಂದಿದೆ, ಹಾಗಾಗಿ ರೆಲೆವೆನ್ಸ್, ಅಂದ್ರೆ ಇನ್‌ಸ್ಟ್ರುಮೆಂಟ್‌ಗೂ ಓದಿಗೂ ಇರುವ ನಂಟು, ಸರಿ ಇದೆ ಅಂದುಕೊಂಡಿದ್ದೇನೆ. ಎಕ್ಸ್‌ಕ್ಲೂಷನ್ ಸರಿ ಇದೆಯಾ ಅಂತ ಹೇಗೆ ನೋಡೋದು? ಕೋಡ್ ಇದು, ಇದರಲ್ಲಿ educ ಅಂದ್ರೆ ಓದಿನ ವರ್ಷ, nearc4 ಅಂದ್ರೆ ಕಾಲೇಜು ಹತ್ತಿರ ಇತ್ತಾ ಅನ್ನೋದು:

```r
library(wooldridge); library(AER)
m <- ivreg(lwage ~ educ + exper + expersq + black + smsa + south +
  smsa66 + reg662 + reg663 + reg664 + reg665 + reg666 + reg667 +
  reg668 + reg669 | . - educ + nearc4, data = card)
summary(m, diagnostics = TRUE)
```

ಸುಮ್ನೆ_ಓದುಗ

ಸಣ್ಣ ತಿದ್ದುಪಡಿ. 0.132 ಲಾಗ್‌ನಲ್ಲಿ ಇರೋದು, ಶೇಕಡಾ ಲೆಕ್ಕಕ್ಕೆ ತಂದರೆ 14ಕ್ಕಿಂತ ಸ್ವಲ್ಪ ಜಾಸ್ತಿ ಆಗುತ್ತೆ. 0.075 ಮಾತ್ರ ಹತ್ತಿರಹತ್ತಿರ 7.8.

ಕೋಡ್_ಪ್ರಿಯ

ಎಫ್ 10 ದಾಟಿದೆ, ಮುಂದೆ ಹೋಗಿ. ಇನ್ನು ಎಕ್ಸ್‌ಕ್ಲೂಷನ್. ಸಂಬಳದ ಸಮೀಕರಣದಲ್ಲಿ educ ಜೊತೆಗೆ nearc4ನೂ ಸೇರಿಸಿ ಓಎಲ್‌ಎಸ್ ಓಡಿಸಿ. ಕಾಲೇಜು ಹತ್ತಿರ ಇರೋದು ಓದಿನ ಮೂಲಕ ಮಾತ್ರ ಸಂಬಳ ಮುಟ್ಟುತ್ತೆ ಅಂದ್ರೆ, educ ಒಳಗೆ ಇರುವಾಗ nearc4 ಗುಣಾಂಕ ಸೊನ್ನೆ ಇರಬೇಕು. ನಾನು ಈಗಷ್ಟೇ ಓಡಿಸಿದೆ, 0.018 ಬಂತು, ಒಂದು ಸ್ಟಾರ್ ಕೂಡ ಇಲ್ಲ. ಪಾಸ್.

ಹಳೇ_ಮೇಷ್ಟ್ರು

ಕೋಡ್_ಪ್ರಿಯ ಅವರೇ, ಈ ಪರೀಕ್ಷೆ ನೋಡೋಕೆ ಸರಿ ಅನಿಸುತ್ತೆ, ಆದರೆ ಅದು ಎಕ್ಸ್‌ಕ್ಲೂಷನ್ ಬಗ್ಗೆ ಏನೂ ಹೇಳೋದಿಲ್ಲ. ಯಾಕೆ ಅಂತ ನಿಮ್ಮ 0.018 ಅನ್ನೇ ಇಟ್ಟುಕೊಂಡು ತೋರಿಸ್ತೀನಿ.

ಮೊದಲು ಐವಿ ಅನ್ನು ಕೈಲೆಕ್ಕದಲ್ಲಿ ಮಾಡೋಣ. ಕಂಟ್ರೋಲ್‌ಗಳೆಲ್ಲ ಒಳಗಿರುವಾಗ, ಕಾಲೇಜು ಹತ್ತಿರ ಇದ್ದವರು ಇಲ್ಲದವರಿಗಿಂತ 0.320 ವರ್ಷ ಜಾಸ್ತಿ ಓದಿದ್ದಾರೆ. ಇದು ಫಸ್ಟ್ ಸ್ಟೇಜ್. ಅದೇ ಕಂಟ್ರೋಲ್‌ಗಳ ಜೊತೆ, ಓದನ್ನು ಬಿಟ್ಟು, ಸಂಬಳವನ್ನು ನೇರವಾಗಿ nearc4 ಮೇಲೆ ಹಾಕಿದರೆ 0.042 ಬರುತ್ತೆ. ಇದು ರಿಡ್ಯೂಸ್ಡ್ ಫಾರ್ಮ್. 0.042 ಅನ್ನು 0.320ರಿಂದ ಭಾಗಿಸಿ, 0.131 ಸಿಗುತ್ತೆ. ದಶಮಾಂಶ ಪೂರ್ತಿ ಇಟ್ಟುಕೊಂಡರೆ ಅದೇ 0.132. ಒಂದೇ ಇನ್‌ಸ್ಟ್ರುಮೆಂಟ್ ಇದ್ದಾಗ ಐವಿ ಅಂದ್ರೆ ಈ ಭಾಗಾಕಾರ, ಅಷ್ಟೇ.

ಈಗ ನಿಮ್ಮ ಪರೀಕ್ಷೆಗೆ ಬನ್ನಿ. educ ಸೇರಿಸಿದ ಓಎಲ್‌ಎಸ್‌ನಲ್ಲಿ nearc4ಗೆ ಉಳಿಯೋದು ಎಷ್ಟು? ಒಟ್ಟು 0.042ರಲ್ಲಿ, ಓಎಲ್‌ಎಸ್ ತನ್ನ 0.075 ದರದಲ್ಲಿ ಓದಿನ ಲೆಕ್ಕಕ್ಕೆ ಹಾಕೋ ಭಾಗ 0.075 × 0.320, ಅಂದ್ರೆ 0.024. ಕಳೆದರೆ 0.018. ನಿಮಗೆ ಬಂದ ಸಂಖ್ಯೆ ಅದೇ. ಇದನ್ನು ಇನ್ನೊಂದು ರೀತಿ ಬರೆದರೆ (0.132 − 0.075) × 0.320. ಐವಿಗೂ ಓಎಲ್‌ಎಸ್‌ಗೂ ಇರುವ ಅಂತರವನ್ನೇ ನೀವು ಬೇರೆ ವೇಷದಲ್ಲಿ ನೋಡಿದ್ದೀರಿ. ಆ ಅಂತರ ಯಾಕೆ ಬಂತು ಅನ್ನೋದೇ ಮೂಲ ಪ್ರಶ್ನೆ ಆಗಿತ್ತು.

ಪ್ರಶ್ನೆಗಾರ್ತಿ

ಮೇಷ್ಟ್ರೇ, ಲೆಕ್ಕ ಅರ್ಥ ಆಯ್ತು. ಆದರೂ ಮನಸ್ಸಿಗೆ ಹಿಡೀತಿಲ್ಲ. ಎಕ್ಸ್‌ಕ್ಲೂಷನ್ ನಿಜವಾಗಿಯೂ ಸರಿ ಇದ್ದರೆ, ಓದನ್ನು ಹಿಡಿದಿಟ್ಟಾಗ ಕಾಲೇಜು ಹತ್ತಿರ ಇರೋದಕ್ಕೆ ಸಂಬಳದಲ್ಲಿ ಏನೂ ಕೆಲಸ ಇರಬಾರದು ಅಲ್ವಾ?

ಹಳೇ_ಮೇಷ್ಟ್ರು

ಒಳ್ಳೇ ಪ್ರಶ್ನೆ ಮೇಡಂ. ಇಬ್ಬರು ಹುಡುಗರನ್ನು ತಗೊಳ್ಳಿ, ಇಬ್ಬರೂ 16 ವರ್ಷ ಓದಿದ್ದಾರೆ. ಒಬ್ಬನ ಮನೆ ಪಕ್ಕದಲ್ಲೇ ಕಾಲೇಜು. ಇನ್ನೊಬ್ಬ ಊರು ಬಿಟ್ಟು, ರೂಮಿಗೆ ಬಾಡಿಗೆ ಕಟ್ಟಿ ಓದಿದವನು. ಅಷ್ಟು ಅಡ್ಡಿ ದಾಟಿ ಅದೇ 16 ವರ್ಷ ಮುಟ್ಟಿದವನಲ್ಲಿ ಜಾಣತನವೋ ಹಠವೋ ಮನೆಯವರ ದುಡ್ಡೋ ಸ್ವಲ್ಪ ಜಾಸ್ತಿ ಇದ್ದಿರಲೇಬೇಕು. ಅಂದ್ರೆ ಓದನ್ನು ಹಿಡಿದಿಟ್ಟ ತಕ್ಷಣ ನೀವು ಹೋಲಿಸೋದು ಬೇರೆಬೇರೆ ಥರದ ಜನರನ್ನು. ಮೊದಲು ಸಂಬಂಧವೇ ಇಲ್ಲದ ಕಾಲೇಜಿನ ದೂರ ಮತ್ತು ಜಾಣತನ, ಓದಿನ ವರ್ಷವನ್ನು ಕಟ್ಟಿಹಾಕಿದ್ದಕ್ಕೆ ಈಗ ಸಂಬಂಧಿಕರಾಗಿಬಿಟ್ಟವು.

ಹಾಗಾಗಿ ಎಕ್ಸ್‌ಕ್ಲೂಷನ್ ನಿಜ ಇದ್ದರೂ ಆ ಗುಣಾಂಕ ಸೊನ್ನೆ ಆಗಬೇಕಿಲ್ಲ. ಜಾಣತನವೊಂದೇ ತೊಂದರೆ ಆಗಿದ್ದರೆ ಅದು ಮೈನಸ್ ಬರಬೇಕಿತ್ತು. ನಮಗೆ ಬಂದಿರೋದು ಪ್ಲಸ್. ಗಮನಿಸಬೇಕಾದ್ದು ಇದನ್ನೇ.

ಕೋಡ್_ಪ್ರಿಯ

ಆದರೆ 0.018ಗೆ ಸ್ಟಾರ್ ಇಲ್ಲ ಅನ್ನೋದಕ್ಕೂ ಏನಾದ್ರೂ ಅರ್ಥ ಇರಬೇಕಲ್ವಾ? ಐವಿಗೂ ಓಎಲ್‌ಎಸ್‌ಗೂ ವ್ಯತ್ಯಾಸವೇ ಇಲ್ಲ ಅಂತ ಆಗಬಹುದು. ಐವಿಯ ಸ್ಟ್ಯಾಂಡರ್ಡ್ ಎರರ್ 0.055 ಇದೆ ನೋಡಿ.

ಹಳೇ_ಮೇಷ್ಟ್ರು

ಆ ಅರ್ಥ ಇದೆ, ಒಪ್ಪಿದೆ. ಐವಿಯ 95% ವಿಶ್ವಾಸ ವ್ಯಾಪ್ತಿ 0.024ರಿಂದ 0.240ರವರೆಗೆ ಹರಡಿದೆ, 0.075 ಅದರ ಒಳಗೇ ಕೂತಿದೆ. ಎರಡೂ ಬೇರೆ ಅಂತ ಈ ದತ್ತಾಂಶ ಗಟ್ಟಿಯಾಗಿ ಹೇಳ್ತಿಲ್ಲ. ಆದರೆ ಅದರಿಂದ "ಎಕ್ಸ್‌ಕ್ಲೂಷನ್ ಪಾಸ್" ಅನ್ನೋ ತೀರ್ಮಾನಕ್ಕೆ ದಾರಿ ಇಲ್ಲ.

ಸಂಶಯಿ

ನನ್ನ ಪ್ರಕಾರ ಇಡೀ ಇನ್‌ಸ್ಟ್ರುಮೆಂಟೇ ಸರಿ ಇಲ್ಲ. ಕಾಲೇಜುಗಳು ಎಲ್ಲಿರುತ್ತವೆ? ನಗರಗಳಲ್ಲಿ. ನಗರದಲ್ಲಿ ಸಂಬಳ ಜಾಸ್ತಿ, ಶಾಲೆಗಳೂ ವಾಸಿ. ಮಕ್ಕಳ ಓದಿನ ಬಗ್ಗೆ ಕಾಳಜಿ ಇರುವ ಅಪ್ಪ ಅಮ್ಮ ಕಾಲೇಜು ಇರುವ ಕಡೆಯೇ ಮನೆ ಮಾಡ್ತಾರೆ. ಇನ್‌ಸ್ಟ್ರುಮೆಂಟ್ ಅಂದ್ರೆ ಸಂಬಳಕ್ಕೂ ಅದಕ್ಕೂ ಸಂಬಂಧ ಇರಲೇಬಾರದು ಅಂತ ಓದಿದ್ದೇನೆ. ಇಲ್ಲಿ ಸಂಬಂಧ ಢಾಳಾಗಿ ಕಾಣ್ತಾ ಇದೆ.

ದತ್ತಾಂಶ_ದಾರಿ

ಅರ್ಧ ಸರಿ, ಅರ್ಧ ತಪ್ಪು. ಇನ್‌ಸ್ಟ್ರುಮೆಂಟ್‌ಗೂ ಸಂಬಳಕ್ಕೂ ಸಂಬಂಧವೇ ಇಲ್ಲ ಅಂದ್ರೆ ರಿಡ್ಯೂಸ್ಡ್ ಫಾರ್ಮ್ ಸೊನ್ನೆ, ಆಗ ಓದಿನ ಪ್ರತಿಫಲವೂ ಸೊನ್ನೆ ಅಂತ ಬರುತ್ತೆ. ಸಂಬಂಧ ಇರಬಹುದು, ಇರಲಿ. ಅದು ಓದನ್ನು ದಾಟಿಕೊಂಡೇ ಬರಬೇಕು, ಬೇರೆ ಬಾಗಿಲಿನಿಂದ ಒಳಗೆ ಬರಬಾರದು. ಷರತ್ತು ಅಷ್ಟೇ.

ಆದರೆ ನೀವು ನಗರದ ಬಗ್ಗೆ ಹೇಳಿದ್ದು ಪೂರ್ತಿ ಸರಿ, ಅದನ್ನು ದತ್ತಾಂಶದಲ್ಲೇ ನೋಡಬಹುದು. ಕಂಟ್ರೋಲ್ ಒಂದೂ ಇಲ್ಲದೆ ಸರಾಸರಿಗಳನ್ನು ಮಾತ್ರ ಹೋಲಿಸಿ. ಹತ್ತಿರ ಇದ್ದವರ ಓದು 13.53 ವರ್ಷ, ದೂರ ಇದ್ದವರದು 12.70. ಅಂತರ 0.829. ಲಾಗ್ ಸಂಬಳದಲ್ಲಿ ಅಂತರ 0.156. ಭಾಗಿಸಿದರೆ 0.188. ಓದಿನ ಒಂದು ವರ್ಷಕ್ಕೆ ಸಂಬಳ ಶೇಕಡಾ 20ರಷ್ಟು ಏರುತ್ತೆ ಅಂದ ಹಾಗಾಯ್ತು, ಯಾರೂ ನಂಬಲ್ಲ.

ಪ್ರದೇಶ, ನಗರ, ಕಪ್ಪು ಜನಾಂಗ, ಅನುಭವ ಇವೆಲ್ಲ ಸೇರಿಸಿದ ಮೇಲೆ 0.829 ಇಳಿದು 0.320 ಆಯ್ತು, 0.156 ಇಳಿದು 0.042 ಆಯ್ತು. ಸಂಬಳದ ಅಂತರದ ಮುಕ್ಕಾಲು ಪಾಲು ಬೇರೆ ಬಾಗಿಲಿನಿಂದ ಬಂದದ್ದು ಅಂತಾಯ್ತು. ಹಾಗಾಗಿ ಇಲ್ಲಿ ಕೇಳಬೇಕಾದ್ದು "ಕಾಲೇಜು ಹತ್ತಿರ ಇರೋದು ಲಾಟರಿ ಎತ್ತಿದ ಹಾಗೆ ಇದೆಯಾ" ಅಂತ ಅಲ್ಲ, "ಅದೇ ಪ್ರದೇಶ, ಅದೇ ಥರದ ಊರು ಅಂತ ಹಿಡಿದ ಮೇಲೆ ಉಳಿದ ವ್ಯತ್ಯಾಸ ಹಾಗೆ ಇದೆಯಾ" ಅಂತ.

ಸಂಶಯಿ

ಉಳಿದ ಕಾಲು ಪಾಲೂ ಬೇರೆ ಬಾಗಿಲಿನದೇ ಅಲ್ಲ ಅಂತ ಹೇಗೆ ಗೊತ್ತು?

ದತ್ತಾಂಶ_ದಾರಿ

ಪೂರ್ತಿ ಗೊತ್ತಾಗಲ್ಲ. ಆದರೆ ಸುಳಿವು ಹುಡುಕಬಹುದು. ಈ ದತ್ತಾಂಶದಲ್ಲಿ 2061 ಜನರ ಐಕ್ಯೂ ಇದೆ. ಅದನ್ನು ಸುಮ್ನೆ nearc4 ಮೇಲೆ ಹಾಕಿದರೆ ಹತ್ತಿರ ಇದ್ದವರ ಐಕ್ಯೂ 2.6 ಅಂಕ ಜಾಸ್ತಿ ಅಂತ ಬರುತ್ತೆ, ಅದೂ ಸ್ಪಷ್ಟವಾಗಿ. ಎದೆ ಧಸಕ್ಕೆನ್ನುತ್ತೆ. ಆಮೇಲೆ 1966ರಲ್ಲಿ ನಗರದಲ್ಲಿದ್ದರಾ, ಯಾವ ಪ್ರದೇಶ ಅನ್ನೋದನ್ನು ಸೇರಿಸಿ ನೋಡಿ:

```r
summary(lm(IQ ~ nearc4, data = card))
summary(lm(IQ ~ nearc4 + smsa66 + reg662 + reg663 + reg664 + reg665 +
  reg666 + reg667 + reg668 + reg669, data = card))
```

2.6 ಇದ್ದದ್ದು 0.35ಕ್ಕೆ ಇಳಿಯುತ್ತೆ, ಸೊನ್ನೆಗಿಂತ ಬೇರೆ ಅನ್ನೋಕೆ ಆಗಲ್ಲ. ಕಂಟ್ರೋಲ್‌ಗಳು ಕೆಲಸ ಮಾಡ್ತಿವೆ ಅನ್ನೋದಕ್ಕೆ ಇದು ಒಂದು ಆಧಾರ. ಐಕ್ಯೂ ಇಲ್ಲದ 949 ಜನರ ಕಥೆ ಬೇರೆ ಇರಬಹುದು ಅನ್ನೋದೂ ನಿಜ.

ಗಣಿತದ_ಹುಡುಗ

ಒಂದು ಅಡ್ಡ ಪ್ರಶ್ನೆ. ನಾನು ಎರಡು ಹಂತವನ್ನೂ ಕೈಯಿಂದ ಮಾಡಿದೆ. ಮೊದಲು educ ಅಂದಾಜು ತೆಗೆದು, ಅದನ್ನು ಎರಡನೇ lmಗೆ ಹಾಕಿದೆ. ಗುಣಾಂಕ ಸರಿಯಾಗಿ 0.132 ಬಂತು, ಸ್ಟ್ಯಾಂಡರ್ಡ್ ಎರರ್ ಮಾತ್ರ ಸ್ವಲ್ಪ ಬೇರೆ.

ಕೋಡ್_ಪ್ರಿಯ

ಅದು ಹಾಗೇ ಬರೋದು. ಎರಡನೇ lm ತನ್ನ ಉಳಿಕೆಯನ್ನು ಅಂದಾಜು educ ಇಟ್ಟು ಲೆಕ್ಕ ಹಾಕುತ್ತೆ, ಹಾಕಬೇಕಾದ್ದು ನಿಜವಾದ educ ಇಟ್ಟು. ಗುಣಾಂಕ ನೋಡೋಕೆ ಕೈಲೆಕ್ಕ ಸಾಕು, ಸ್ಟ್ಯಾಂಡರ್ಡ್ ಎರರ್‌ಗೆ ivreg ಬಳಸಿ.

ಹೊಸ_ಸಂಶೋಧಕಿ

ನನ್ನದೂ ಇದೇ ವಿಷಯ, ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನ ಸಮೀಕ್ಷೆಯಲ್ಲಿ ಕಾಲೇಜು ಎಷ್ಟು ದೂರ ಅನ್ನೋದು ಇಲ್ಲ. ಅಪ್ಪ ಎಷ್ಟು ವರ್ಷ ಓದಿದ್ದಾರೆ ಅನ್ನೋದು ಇದೆ. ಅದನ್ನೇ ಇನ್‌ಸ್ಟ್ರುಮೆಂಟ್ ಮಾಡಿದೆ, ಎಫ್ ನೂರರ ಮೇಲೆ ಬಂತು. ಇಲ್ಲಿ 13ಕ್ಕೆ ಇಷ್ಟೆಲ್ಲ ಚರ್ಚೆ ನಡೀತಿದೆ, ನನ್ನದು ಇದಕ್ಕಿಂತ ಎಷ್ಟೋ ಗಟ್ಟಿ ಇನ್‌ಸ್ಟ್ರುಮೆಂಟ್ ಅಲ್ವಾ?

ಸಂಶಯಿ

ಅಪ್ಪನ ಓದು ಮಗನ ಕೆಲಸಕ್ಕೆ ಎಷ್ಟು ದಾರಿಯಿಂದ ಬರುತ್ತೆ ಅಂತ ಯೋಚಿಸಿ. ಪರಿಚಯದವರು, ಶಿಫಾರಸು, ಮನೆಯ ಭಾಷೆ, ದುಡ್ಡು, ಅಪ್ಪನಿಂದ ಬಂದ ಜಾಣತನ. ಓದಿನ ದಾರಿ ಅದರಲ್ಲಿ ಒಂದು ಮಾತ್ರ.

ಹೊಸ_ಸಂಶೋಧಕಿ

ಆದರೆ ಎಷ್ಟೋ ಲೇಖನಗಳಲ್ಲಿ ಬಳಸಿದ್ದಾರಲ್ಲ? ನಾನು ಮನೆಯ ಆದಾಯವನ್ನು ಕಂಟ್ರೋಲ್ ಮಾಡಿದ್ದೇನೆ. ಸುಮ್ನೆ ಅನುಮಾನ ಪಟ್ಟರೆ ಯಾವ ಇನ್‌ಸ್ಟ್ರುಮೆಂಟೂ ಉಳಿಯಲ್ಲ.

ಹಳೇ_ಮೇಷ್ಟ್ರು

ಅನುಮಾನವನ್ನು ಸಂಖ್ಯೆ ಮಾಡಿ ನೋಡೋಣ, ಆಗ ವಾದ ಸುಲಭ. ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯ ಅನಿಸೋದು ಇದು.

ಇನ್‌ಸ್ಟ್ರುಮೆಂಟ್ ಓದನ್ನು ಬಿಟ್ಟು ನೇರವಾಗಿ ಸಂಬಳವನ್ನು ಅಷ್ಟಿಷ್ಟು ಏರಿಸುತ್ತೆ ಅಂತ ಇಟ್ಟುಕೊಳ್ಳಿ. ಆ ಅಷ್ಟಿಷ್ಟು ರಿಡ್ಯೂಸ್ಡ್ ಫಾರ್ಮ್ ಒಳಗೆ ಸೇರಿಕೊಳ್ಳುತ್ತೆ. ಆಮೇಲೆ ನಾವು ಅದನ್ನೂ ಫಸ್ಟ್ ಸ್ಟೇಜ್‌ನಿಂದ ಭಾಗಿಸ್ತೀವಿ. ಕಾರ್ಡ್ ದತ್ತಾಂಶದಲ್ಲಿ ಭಾಗಿಸೋ ಸಂಖ್ಯೆ 0.320. ಅಂದ್ರೆ ಎಕ್ಸ್‌ಕ್ಲೂಷನ್‌ನಲ್ಲಿ ಆದ ತಪ್ಪು ಮೂರು ಪಟ್ಟಿಗಿಂತ ಜಾಸ್ತಿ ಹಿಗ್ಗಿ ಉತ್ತರದಲ್ಲಿ ಕೂರುತ್ತೆ. ಕಾಲೇಜು ಹತ್ತಿರ ಇದ್ದ ಊರಿನಲ್ಲಿ ಬೆಳೆದವರಿಗೆ, ಓದನ್ನು ಬಿಟ್ಟು, ಸಂಬಳ 0.01 ಜಾಸ್ತಿ ಇದ್ದರೆ ಸಾಕು, ಉತ್ತರ 0.031 ಉಬ್ಬುತ್ತೆ. 0.018 ಇದ್ದರೆ 0.056 ಉಬ್ಬುತ್ತೆ, ಆಗ ನಿಜವಾದ ಉತ್ತರ 0.076, ಅಂದ್ರೆ ಓಎಲ್‌ಎಸ್‌ನ ಪಕ್ಕಕ್ಕೇ ಬಂದು ನಿಲ್ಲುತ್ತೆ. ಕೋಡ್_ಪ್ರಿಯ ಅವರಿಗೆ ಬಂದ 0.018ಕ್ಕೆ ನಿಜವಾದ ಉಪಯೋಗ ಇದು: ಐವಿ ಮತ್ತು ಓಎಲ್‌ಎಸ್ ಅಂತರವನ್ನು ಪೂರ್ತಿ ನುಂಗೋಕೆ ಎಷ್ಟು ನೇರ ಪರಿಣಾಮ ಬೇಕು ಅಂತ ಅದು ಹೇಳುತ್ತೆ. ಬೇಕಾಗಿರೋದು ಶೇಕಡಾ 2 ಕೂಡ ಇಲ್ಲ.

ಹೊಸ_ಸಂಶೋಧಕಿ ಅವರೇ, ನಿಮ್ಮ ಫಸ್ಟ್ ಸ್ಟೇಜ್ ಬಗ್ಗೆ ಒಂದು ಮಾತು. ಎಫ್ ದೊಡ್ಡದು ಅಂದ್ರೆ ಗುಣಾಂಕ ನಿಖರವಾಗಿ ಅಳೆಯಲ್ಪಟ್ಟಿದೆ ಅಂತ. ಗುಣಾಂಕವೇ ದೊಡ್ಡದು ಅಂತಲ್ಲ. ಜನ ಸಾವಿರಗಟ್ಟಲೆ ಇದ್ದರೆ ಚಿಕ್ಕ ಗುಣಾಂಕಕ್ಕೂ ದೊಡ್ಡ ಎಫ್ ಬರುತ್ತೆ. ಅಪ್ಪನ ಒಂದು ವರ್ಷದ ಓದಿಗೆ ಮಗನ ಓದು ಎಷ್ಟು ಏರಿದೆ ಅಂತ ನೋಡಿ. 0.3 ಅಂತ ಇಟ್ಟುಕೊಳ್ಳಿ. ಹಾಗಾದ್ರೆ ಅಪ್ಪನ ಒಂದು ವರ್ಷದ ಓದು ಪರಿಚಯದವರ ಮೂಲಕ ಮಗನ ಸಂಬಳವನ್ನು ಶೇಕಡಾ ಒಂದು ಏರಿಸಿದರೂ ನಿಮ್ಮ ಉತ್ತರ ಮೂರು ಅಂಶ ಮೇಲೆ ಹೋಗುತ್ತೆ. ನಿಮ್ಮ ಎಫ್ ನೂರಲ್ಲ, ಸಾವಿರ ಇದ್ದರೂ ಇದು ಕಡಿಮೆ ಆಗಲ್ಲ.

ಹೊಸ_ಸಂಶೋಧಕಿ

ಲೆಕ್ಕ ಒಪ್ತೀನಿ ಸರ್. ಶೇಕಡಾ ಒಂದು ಅನ್ನೋ ಊಹೆ ಒಪ್ಪಲ್ಲ. ನನ್ನ ಸಮೀಕ್ಷೆಯಲ್ಲಿ ಇರೋರು ಬಹುಪಾಲು ಪರೀಕ್ಷೆ ಬರೆದು ಕೆಲಸಕ್ಕೆ ಸೇರಿದವರು, ಶಿಫಾರಸಿಗೆ ಅಲ್ಲಿ ಜಾಗ ಕಡಿಮೆ.

ಹಳೇ_ಮೇಷ್ಟ್ರು

ಅದು ಒಳ್ಳೇ ವಾದ, ಅದನ್ನೇ ಬರೆಯಿರಿ. ಎಕ್ಸ್‌ಕ್ಲೂಷನ್ ಅನ್ನು ಕಾಪಾಡೋದು ಇಂಥ ಸಂದರ್ಭದ ಜ್ಞಾನವೇ. ಶಿಫಾರಸಿನ ಬಾಗಿಲು ಮುಚ್ಚಿದ ಮೇಲೂ ಅಪ್ಪನಿಂದ ಬಂದ ಜಾಣತನದ ಬಾಗಿಲು ತೆರೆದೇ ಇರುತ್ತೆ, ಅದಕ್ಕೂ ಒಂದು ಉತ್ತರ ಬೇಕಾಗುತ್ತೆ.

ಎಂಎ_ಕೊನೆವರ್ಷ

ಹಾಗಿದ್ರೆ ಹುಟ್ಟಿದ ತಿಂಗಳ ಇನ್‌ಸ್ಟ್ರುಮೆಂಟ್ ವಾಸಿ ಅಲ್ವಾ? ಆಂಗ್ರಿಸ್ಟ್ ಮತ್ತು ಕ್ರೂಗರ್ 1991ರಲ್ಲಿ ಬಳಸಿದ್ದು. ಯಾವ ತಿಂಗಳಲ್ಲಿ ಹುಟ್ಟಿದ ಅನ್ನೋದಕ್ಕೂ ಜಾಣತನಕ್ಕೂ ಏನು ಸಂಬಂಧ? ಜನವರಿಯಿಂದ ಮಾರ್ಚ್ ಒಳಗೆ ಹುಟ್ಟಿದವರು ಶಾಲೆಗೆ ಸೇರುವಾಗಲೇ ಸ್ವಲ್ಪ ದೊಡ್ಡವರು, ಹಾಗಾಗಿ ಕಾನೂನು ಶಾಲೆ ಬಿಡಬಹುದು ಅನ್ನೋ ವಯಸ್ಸಿಗೆ ಬರುವಷ್ಟರಲ್ಲಿ ಕಡಿಮೆ ತರಗತಿ ಓದಿರ್ತಾರೆ. ಕಥೆ ತುಂಬ ಚೊಕ್ಕ.

ದತ್ತಾಂಶ_ದಾರಿ

ಕಥೆ ಚೊಕ್ಕ, ಆದರೆ ಮೇಷ್ಟ್ರು ಹೇಳಿದ ಭಾಗಾಕಾರವನ್ನು ಅಲ್ಲಿ ಮಾಡಿ ನೋಡಿ. 1930ರಿಂದ 39ರ ನಡುವೆ ಹುಟ್ಟಿದ ಗಂಡಸರು, 1980ರ ಜನಗಣತಿ, ಮೂರು ಲಕ್ಷಕ್ಕೂ ಜಾಸ್ತಿ ಜನ. ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರ ಓದು ಉಳಿದವರಿಗಿಂತ 0.109 ವರ್ಷ ಕಡಿಮೆ. ಲಾಗ್ ಸಂಬಳ 0.0111 ಕಡಿಮೆ. ಭಾಗಿಸಿದರೆ 0.102.

ಕೆಳಗಿರೋ ಸಂಖ್ಯೆ 0.109. ಎಕ್ಸ್‌ಕ್ಲೂಷನ್ ತಪ್ಪು ಇಲ್ಲಿ ಒಂಬತ್ತು ಪಟ್ಟು ಹಿಗ್ಗುತ್ತೆ. ಹುಟ್ಟಿದ ತಿಂಗಳಿಗೂ ಸಂಬಳಕ್ಕೂ ಓದು ಬಿಟ್ಟು 0.005ರಷ್ಟು ನಂಟು ಇದ್ದರೆ ಉತ್ತರ 0.046 ಅಲ್ಲಾಡುತ್ತೆ. ಅಂಥ ನಂಟು ಇರೋಕೆ ಸಾಧ್ಯವಾ? ಬಕಲ್ಸ್ ಮತ್ತು ಹಂಗರ್‌ಮನ್ 2013ರಲ್ಲಿ ತೋರಿಸಿದ್ದು ಅದನ್ನೇ. ಅಮೆರಿಕದಲ್ಲಿ ಚಳಿಗಾಲದಲ್ಲಿ ಹೆರುವ ತಾಯಂದಿರಲ್ಲಿ ಹದಿಹರೆಯದವರು, ಮದುವೆ ಆಗದವರು, ಕಡಿಮೆ ಓದಿದವರು ಸ್ವಲ್ಪ ಜಾಸ್ತಿ. ಹುಟ್ಟಿದ ತಿಂಗಳು ಮನೆಯ ಪರಿಸ್ಥಿತಿಯನ್ನೂ ಹೊತ್ತು ತರುತ್ತೆ.

ಗಣಿತದ_ಹುಡುಗ

ಅದೇ ಲೇಖನದ ಮೇಲೆ ಸುಳ್ಳು ಹುಟ್ಟು ತಿಂಗಳು ಹಾಕಿ ಪರೀಕ್ಷೆ ಮಾಡಿದ್ದರು ಅಂತ ಕೇಳಿದ್ದೆ, ಅದೇನು?

ದತ್ತಾಂಶ_ದಾರಿ

ಬೌಂಡ್, ಜೇಗರ್, ಬೇಕರ್, 1995. ಆಂಗ್ರಿಸ್ಟ್ ಮತ್ತು ಕ್ರೂಗರ್ ಕೆಲವು ಅಂದಾಜುಗಳಲ್ಲಿ ಹುಟ್ಟಿದ ತ್ರೈಮಾಸಿಕವನ್ನು ಹುಟ್ಟಿದ ವರ್ಷ, ಹುಟ್ಟಿದ ರಾಜ್ಯ ಇವುಗಳ ಜೊತೆ ಗುಣಿಸಿ ನೂರಕ್ಕೂ ಜಾಸ್ತಿ ಇನ್‌ಸ್ಟ್ರುಮೆಂಟ್ ಮಾಡಿಕೊಂಡಿದ್ದರು. ಇವರು ನಿಜವಾದ ತ್ರೈಮಾಸಿಕ ತೆಗೆದು, ಕಂಪ್ಯೂಟರ್‌ನಿಂದ ಎತ್ತಿದ ಯಾದೃಚ್ಛಿಕ ತ್ರೈಮಾಸಿಕ ಹಾಕಿದರು. ಅದರಲ್ಲಿ ಓದಿನ ಬಗ್ಗೆ ಒಂದು ಚೂರೂ ಮಾಹಿತಿ ಇಲ್ಲ. ಆದರೂ ಐವಿ ಉತ್ತರ ಓಎಲ್‌ಎಸ್ ಹತ್ತಿರವೇ ಬಂತು, ಸ್ಟ್ಯಾಂಡರ್ಡ್ ಎರರ್ ನೋಡಿದರೆ ಏನೂ ತಪ್ಪಿಲ್ಲ ಅನ್ನೋ ಹಾಗೆ ಇತ್ತು. ಇನ್‌ಸ್ಟ್ರುಮೆಂಟ್ ಬಲ ಇಲ್ಲದಿದ್ದಾಗ ಎರಡು ಹಂತದ ಅಂದಾಜು ಓಎಲ್‌ಎಸ್ ಕಡೆಗೇ ಜಾರುತ್ತೆ, ಜಾರಿದೆ ಅಂತ ಹೇಳೋದೂ ಇಲ್ಲ. ಫಸ್ಟ್ ಸ್ಟೇಜ್ ಎಫ್ ನೋಡಿದರೆ ಮಾತ್ರ ಗೊತ್ತಾಗೋದು.

ಕೋಡ್_ಪ್ರಿಯ

ಅದಕ್ಕೇ ನಾನು ಎಫ್ 10 ಅಂದಿದ್ದು.

ಹಳೇ_ಮೇಷ್ಟ್ರು

10 ಅನ್ನೋದು 1997ರ ಸ್ಟೈಗರ್ ಮತ್ತು ಸ್ಟಾಕ್ ಲೇಖನದಿಂದ ಬಂದ ರೂಢಿ. ಅದು ದಾಟಿದರೆ ಎಲ್ಲ ಸರಿ ಅಂತಲ್ಲ. ಒಂದೇ ಇನ್‌ಸ್ಟ್ರುಮೆಂಟ್ ಇದ್ದಾಗ ಮಾಮೂಲಿ 1.96 ಇಟ್ಟುಕೊಂಡು ನಿಜವಾಗಿ 5% ಪರೀಕ್ಷೆ ಆಗಬೇಕಾದ್ರೆ ಎಫ್ 104.7 ಇರಬೇಕು ಅಂತ 2022ರಲ್ಲಿ ಲೀ ಮತ್ತು ಸಂಗಡಿಗರು ತೋರಿಸಿದ್ದಾರೆ. ನಮ್ಮದು 13.

ಕೋಡ್_ಪ್ರಿಯ

104 ಅಂದ್ರೆ ಹಳೇ ಲೇಖನಗಳಲ್ಲಿ ಬಹಳಷ್ಟನ್ನು ಎಸೆಯಬೇಕಾಗುತ್ತೆ. ನನಗೆ ಅದು ಅತಿ ಅನಿಸುತ್ತೆ, ಅಷ್ಟು ಕೆಟ್ಟದಾಗೋದು ಎಂಡೋಜೆನಿಟಿ, ಅಂದ್ರೆ ಓದಿಗೂ ನಮಗೆ ಕಾಣದ ಜಾಣತನದಂಥದ್ದಕ್ಕೂ ಇರುವ ನಂಟು, ವಿಪರೀತ ಇದ್ದಾಗ ಮಾತ್ರ.

ಹಳೇ_ಮೇಷ್ಟ್ರು

ಎಸೆಯಬೇಕಿಲ್ಲ. ಎಫ್ ಎಷ್ಟೇ ಇರಲಿ ಸರಿಯಾಗಿ ನಡೆಯುವ ಆಂಡರ್‌ಸನ್-ರೂಬಿನ್ ವಿಶ್ವಾಸ ವ್ಯಾಪ್ತಿ ಇದೆ, 1949ರಿಂದ ಇದೆ. ಅದನ್ನು ಹಾಕಿದರೆ ಕಾರ್ಡ್ ದತ್ತಾಂಶದಲ್ಲಿ ಸುಮಾರು 0.025ರಿಂದ 0.285 ಬರುತ್ತೆ. ಮಾಮೂಲಿ ವ್ಯಾಪ್ತಿಯ ಮೇಲಿನ ತುದಿ 0.240 ಇದ್ದದ್ದು ಇಲ್ಲಿ ಇನ್ನೂ ಮೇಲೆ ಹೋಗಿದೆ. ಸೊನ್ನೆ ಮಾತ್ರ ಎರಡರಲ್ಲೂ ಹೊರಗೇ ಇದೆ.

ಎಂಎ_ಕೊನೆವರ್ಷ

ಇಷ್ಟು ಅರ್ಥ ಆಯ್ತು. ಆದರೆ ಮೊದಲಿನ ಪ್ರಶ್ನೆ ಹಾಗೇ ಇದೆ. ಎಕ್ಸ್‌ಕ್ಲೂಷನ್ ಸರಿ ಇದೆ ಅಂತಲೇ ಇಟ್ಟುಕೊಂಡರೆ, ಐವಿ ಮೇಲೆ ಬರೋಕೆ ಬೇರೆ ಕಾರಣ ಇದೆಯಾ?

ಪ್ರಶ್ನೆಗಾರ್ತಿ

ಜನ ತಾವು ಎಷ್ಟು ಓದಿದೆವು ಅಂತ ಸಮೀಕ್ಷೆಯಲ್ಲಿ ತಪ್ಪು ಹೇಳ್ತಾರಲ್ವಾ? ಅಳತೆ ತಪ್ಪಿದ್ದರೆ ಓಎಲ್‌ಎಸ್ ಕೆಳಗೆ ಎಳೆಯುತ್ತೆ.

ಹಳೇ_ಮೇಷ್ಟ್ರು

ಎಳೆಯುತ್ತೆ, ಆದರೆ ಇಷ್ಟು ಎಳೆಯಲ್ಲ. ಓದಿನ ವರ್ಷದ ಉತ್ತರಗಳಲ್ಲಿ ಏರುಪೇರಿನ ಹತ್ತನೇ ಒಂದು ಭಾಗ ತಪ್ಪು ಅಂತ ಹಿಡಿದರೆ 0.075 ಹೋಗಿ 0.083 ಆಗುತ್ತೆ. ಕಂಟ್ರೋಲ್ ಇದ್ದಾಗ ಇನ್ನೂ ಸ್ವಲ್ಪ. 0.132 ಮುಟ್ಟಲ್ಲ.

ಇನ್ನೊಂದು ಕಾರಣ ನನಗೆ ಜಾಸ್ತಿ ಒಪ್ಪಿಗೆ ಆಗೋದು. ಓದಿನ ಪ್ರತಿಫಲ ಎಲ್ಲರಿಗೂ ಒಂದೇ ಅಲ್ಲ. ಐವಿ ಅಳೆಯೋದು ಇನ್‌ಸ್ಟ್ರುಮೆಂಟ್‌ನಿಂದ ಯಾರ ಓದು ಬದಲಾಯಿತೋ ಅವರದನ್ನು ಮಾತ್ರ. ಇಂಬೆನ್ಸ್ ಮತ್ತು ಆಂಗ್ರಿಸ್ಟ್ 1994ರಲ್ಲಿ ಇದನ್ನು ಬಿಡಿಸಿ ಹೇಳಿದರು. ದುಡ್ಡಿರುವ ಮನೆ ಹುಡುಗ ಕಾಲೇಜು ಎಲ್ಲಿದ್ದರೂ ಹೋಗ್ತಾನೆ. ಓದೋಕೆ ಮನಸ್ಸೇ ಇಲ್ಲದವನು ಪಕ್ಕದಲ್ಲಿ ಇದ್ದರೂ ಹೋಗಲ್ಲ. ಹತ್ತಿರ ಇದೆ ಅನ್ನೋ ಕಾರಣಕ್ಕೇ ಹೋದವನು ಯಾರು? ಮನೆಯಿಂದಲೇ ಓಡಾಡಿದರೆ ಮಾತ್ರ ಖರ್ಚು ತೂಗಿಸಬಲ್ಲವನು. ಅವನು ಓದು ನಿಲ್ಲಿಸಬೇಕಾಗಿದ್ದು ಲಾಭ ಕಡಿಮೆ ಅಂತ ಅಲ್ಲ, ಖರ್ಚು ಜಾಸ್ತಿ ಅಂತ. ಹಾಗಾಗಿ ಅವನಿಗೆ ಸಿಕ್ಕ ಹೆಚ್ಚುವರಿ ವರ್ಷದ ಪ್ರತಿಫಲ ಸರಾಸರಿಗಿಂತ ಜಾಸ್ತಿ ಇರೋದು ಸಹಜ.

ಸಂಶಯಿ

ಈ ವಿವರಣೆ ತುಂಬ ಅನುಕೂಲಕ್ಕೆ ಒದಗುತ್ತೆ ಅನ್ನೋದೇ ನನ್ನ ತಕರಾರು. ಐವಿ ಮೇಲೆ ಬಂದರೆ "ಅವರಿಗೆ ಪ್ರತಿಫಲ ಜಾಸ್ತಿ" ಅಂತೀರಿ. ಕೆಳಗೆ ಬಂದರೆ "ಜಾಣತನದ ಉಬ್ಬು ಹೋಯ್ತು" ಅಂತೀರಿ. ಶೇಕಡಾ 2 ನೇರ ಪರಿಣಾಮ ಇದ್ದರೂ ಇದೇ ಸಂಖ್ಯೆ ಬರುತ್ತೆ ಅಂತ ನೀವೇ ಲೆಕ್ಕ ಕೊಟ್ಟಿದ್ದೀರಿ. ಯಾವುದು ನಿಜ ಅಂತ ಬೇರೆ ಮಾಡಿ ತೋರಿಸೋದು ಹೇಗೆ?

ಹಳೇ_ಮೇಷ್ಟ್ರು

ಕಾರ್ಡ್ ಅದಕ್ಕೆ ಒಂದು ದಾರಿ ಹುಡುಕಿದ್ದರು. ಕಾಲೇಜು ಹತ್ತಿರ ಇರೋದು ಯಾರ ಓದನ್ನು ಜಾಸ್ತಿ ಏರಿಸಿದೆ ಅಂತ ನೋಡಿದರೆ, ಅಪ್ಪ ಅಮ್ಮ ಕಡಿಮೆ ಓದಿದ ಮನೆಯವರದು. ನಾನು ಹೇಳಿದ ಖರ್ಚಿನ ಕಥೆಗೆ ಇದು ಹೊಂದುತ್ತೆ. ಆಮೇಲೆ ಅವರು nearc4 ಅನ್ನೇ ಸಂಬಳದ ಸಮೀಕರಣದ ಒಳಗೆ ಬಿಟ್ಟರು, ನೇರ ಪರಿಣಾಮ ಇದ್ದರೆ ಇರಲಿ ಅಂತ. ಇನ್‌ಸ್ಟ್ರುಮೆಂಟ್ ಆಗಿ ಬಳಸಿದ್ದು "ಹತ್ತಿರ" ಮತ್ತು "ಬಡ ಹಿನ್ನೆಲೆ" ಎರಡರ ಗುಣಲಬ್ಧವನ್ನು. ಊರಿನಿಂದ ಬರುವ ಲಾಭ ಎಲ್ಲ ಮನೆಯವರಿಗೂ ಒಂದೇ ಅಂತಾದರೆ, ಅದು ಕಳೆದುಹೋಗಿ ಓದಿನ ದಾರಿಯೊಂದೇ ಉಳಿಯುತ್ತೆ. ಹಾಗೆ ಮಾಡಿದರೂ ಉತ್ತರ ಓಎಲ್‌ಎಸ್‌ಗಿಂತ ಮೇಲೆಯೇ ಇತ್ತು, 0.132ಕ್ಕಿಂತ ಕೆಳಗೆ.

ಸಂಶಯಿ

"ಎಲ್ಲ ಮನೆಯವರಿಗೂ ಒಂದೇ ಅಂತಾದರೆ" ಅನ್ನೋದು ಮತ್ತೊಂದು ಎಕ್ಸ್‌ಕ್ಲೂಷನ್ ಷರತ್ತೇ ಆಯ್ತಲ್ಲ. ಕಾಲೇಜು ಇರುವ ಊರಿನ ಕೆಲಸಗಳು ಬಡ ಮನೆಯ ಹುಡುಗರಿಗೆ ಜಾಸ್ತಿ ಉಪಯೋಗ ಆಗಿರಬಹುದು.

ಹಳೇ_ಮೇಷ್ಟ್ರು

ಆಗಿರಬಹುದು. ಮೊದಲಿನದಕ್ಕಿಂತ ಸಡಿಲವಾದ ಷರತ್ತು ಅಷ್ಟೇ, ಷರತ್ತೇ ಇಲ್ಲ ಅಂತ ನಾನು ಹೇಳ್ತಿಲ್ಲ.

ಗಣಿತದ_ಹುಡುಗ

ಇನ್ನೊಂದು ವಿಚಿತ್ರ ಕಾಣ್ತಿದೆ. ಫಸ್ಟ್ ಸ್ಟೇಜ್‌ನಲ್ಲಿ exper ಗುಣಾಂಕ −0.41 ಬಂದಿದೆ. ಅನುಭವ ಜಾಸ್ತಿ ಆದರೆ ಓದು ಕಡಿಮೆ ಆಗುತ್ತಾ?

ದತ್ತಾಂಶ_ದಾರಿ

exper ಯಾರನ್ನೂ ಕೇಳಿ ಬರೆದದ್ದಲ್ಲ, ಅದು age − educ − 6. ಒಂದೇ ವಯಸ್ಸಿನವರಲ್ಲಿ ಜಾಸ್ತಿ ಓದಿದವನಿಗೆ ಅನುಭವ ಕಡಿಮೆ ಬಂದೇ ಬರುತ್ತೆ. ಇದರಿಂದ ಒಂದು ತೊಡಕೂ ಇದೆ: ಓದು ಎಂಡೋಜೆನಸ್ ಆಗಿದ್ದರೆ, ಓದಿನಿಂದ ಕಟ್ಟಿದ ಅನುಭವವೂ ಅದೇ. ಅದಕ್ಕೆ exper, expersq ಎರಡಕ್ಕೂ age ಮತ್ತು ಅದರ ವರ್ಗವನ್ನು ಇನ್‌ಸ್ಟ್ರುಮೆಂಟ್ ಮಾಡಿ ಓಡಿಸಿ, ಕಾರ್ಡ್ ಕೂಡ ಹೀಗೆ ಮಾಡಿ ನೋಡಿದ್ದಾರೆ.

ಎಂಎ_ಕೊನೆವರ್ಷ

ಗುಣಲಬ್ಧದ ಇನ್‌ಸ್ಟ್ರುಮೆಂಟ್ ಓಡಿಸೋಕೆ ಕೂತೆ. fatheduc 690 ಜನಕ್ಕೆ ಇಲ್ಲ, motheduc 353 ಜನಕ್ಕೆ ಇಲ್ಲ. ಇವರನ್ನು ಬಿಟ್ಟುಬಿಡಲಾ?

ದತ್ತಾಂಶ_ದಾರಿ

ಬಿಡೋ ಮೊದಲು fatheduc ಇಲ್ಲ ಅನ್ನೋದಕ್ಕೇ 0/1 ಚಲಕ ಮಾಡಿ, ಅದನ್ನು nearc4 ಮತ್ತು ನಿಮ್ಮ ಕಂಟ್ರೋಲ್‌ಗಳ ಮೇಲೆ ಹಾಕಿ ನೋಡಿ. ಅಪ್ಪ ಜೊತೆಯಲ್ಲಿ ಇಲ್ಲದೆ ಬೆಳೆದವರಲ್ಲಿ ಈ ಉತ್ತರ ಖಾಲಿ ಇರೋದು ಜಾಸ್ತಿ, 14ನೇ ವಯಸ್ಸಿನಲ್ಲಿ ಅಪ್ಪ ಅಮ್ಮ ಇಬ್ಬರ ಜೊತೆ ಇದ್ದರಾ, ಒಂಟಿ ಅಮ್ಮನ ಜೊತೆ ಇದ್ದರಾ ಅಂತ ಹೇಳೋ momdad14 ಮತ್ತು sinmom14 ಅದಕ್ಕೇ ಇವೆ. ಬಿಟ್ಟರೆ ನೀವು ಬಿಡೋದು ಬಡ ಹಿನ್ನೆಲೆಯವರನ್ನೇ ಆಗಬಹುದು, ಆಗ ಕಾಲೇಜು ಹತ್ತಿರ ಇದ್ದದ್ದರಿಂದ ಯಾರ ಓದು ಬದಲಾಯಿತೋ ಅವರೇ ಲೆಕ್ಕದಿಂದ ಹೊರಗೆ ಹೋಗ್ತಾರೆ. ಬಿಟ್ಟ ಮೇಲೆ ಫಸ್ಟ್ ಸ್ಟೇಜ್ 0.320ರಿಂದ ಎಷ್ಟಕ್ಕೆ ಹೋಯ್ತು ಅಂತ ಇಲ್ಲಿ ಹಾಕಿ, ಅದನ್ನು ನೋಡಿ ಮುಂದಿನದು ಮಾತಾಡೋಣ.